ರಮ್ಮಿ ಆಡುವಾಗ ಎಷ್ಟು ಸಲ ಕಲೆಸಿದರೆ ಸಾಕು?

ಪ್ರಶ್ನೆ: ಇಸ್ಪೀಟು ಪ್ಯಾಕನ್ನು ಎರಡು ಭಾಗ ಮಾಡಿ, ಅಂಚುಗಳನ್ನು ಟರ್‌ ಎಂದು ಬಿಟ್ಟು ಒಂದರೊಳಗೊಂದು ಸೇರಿಸುತ್ತಾರಲ್ಲ, ಹಾಗೆ ಏಳು ಸಲ ಮಾಡಿದರೆ ಪೂರ್ತಿ ಕಲೆತುಹೋಗುತ್ತದೆ ಎಂದು ಕೇಳಿದ್ದೇನೆ. ಇದು ನಿಜವೇ? ಏಳೇ ಏಕೆ? ನಾವು ಎರಡು ಪ್ಯಾಕ್ ಸೇರಿಸಿ ರಮ್ಮಿ ಆಡುತ್ತೇವೆ, ನಮಗೂ ಇದೇ ಲೆಕ್ಕವೇ?

ಉತ್ತರ: 52 ಎಲೆಗಳ ಒಂದು ಪ್ಯಾಕಿಗೆ ಏಳು ಎಂಬುದು ಒಳ್ಳೆಯ ಉತ್ತರ. ಆದರೆ ‘ಪೂರ್ತಿ’ ಎಂಬ ಮಾತು ಸರಿಯಲ್ಲ. ಏಳರ ನಂತರವೂ ಹಳೆಯ ಕ್ರಮದ ಗುರುತು ಉಳಿದಿರುತ್ತದೆ, ಲೆಕ್ಕ ಬಲ್ಲವನು ಅದನ್ನು ಓದಬಲ್ಲ. ಎರಡು ಪ್ಯಾಕಿಗೆ ಒಂಬತ್ತು ಸಲ ಬೇಕು.

ಈ ಏಳು ಬಂದದ್ದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಇಬ್ಬರು ಗಣಿತಜ್ಞರಿಂದ. ಡಯಾಕೊನಿಸ್ ಗಣಿತಕ್ಕೆ ಬರುವ ಮುನ್ನ ಜಾದೂಗಾರರಾಗಿದ್ದವರು. ಸುದ್ದಿ 1990ರಲ್ಲೇ ಪತ್ರಿಕೆಗಳಲ್ಲಿ ಬಂತು, ಪ್ರಬಂಧ ಅಚ್ಚಾದದ್ದು 1992ರಲ್ಲಿ. ಅವರು ಲೆಕ್ಕ ಹಾಕಿದ್ದು ಕಲೆಸುವಿಕೆಯ ಒಂದು ಮಾದರಿಯ ಮೇಲೆ. ಅದಕ್ಕೆ ಗಿಲ್ಬರ್ಟ್, ಶ್ಯಾನನ್ ಮತ್ತು ರೀಡ್ಸ್ ಅವರ ಹೆಸರಿದೆ.

ಮಾದರಿ ಹೀಗಿದೆ. ಮೊದಲು ಪ್ಯಾಕನ್ನು ಹೆಚ್ಚುಕಡಿಮೆ ಅರ್ಧಕ್ಕೆ ಕತ್ತರಿಸುತ್ತೀರಿ. ಎಷ್ಟು ಎಲೆ ಎಡಗೈಗೆ ಹೋಗುತ್ತವೆ ಎಂಬುದು 52 ನಾಣ್ಯ ಚಿಮ್ಮಿದಾಗ ಬೀಳುವ ತಲೆಗಳಷ್ಟು, ಅಂದರೆ ಸಾಮಾನ್ಯವಾಗಿ 22ರಿಂದ 30ರೊಳಗೆ. ಆಮೇಲೆ ಎರಡೂ ಕೈಗಳಿಂದ ಎಲೆಗಳು ಒಂದೊಂದಾಗಿ ಬೀಳುತ್ತವೆ. ಯಾವ ಕೈಯಲ್ಲಿ ಹೆಚ್ಚು ಎಲೆ ಉಳಿದಿವೆಯೋ ಆ ಕೈಯಿಂದ ಮುಂದಿನ ಎಲೆ ಬೀಳುವ ಸಂಭವ ಅಷ್ಟು ಹೆಚ್ಚು. ಎಡದಲ್ಲಿ 20, ಬಲದಲ್ಲಿ 10 ಉಳಿದಿದ್ದರೆ ಎಡದಿಂದ ಬೀಳುವ ಸಂಭವ ಮೂರರಲ್ಲಿ ಎರಡು. ಸಾಧಾರಣ ಆಟಗಾರನ ಕೈಗೆ ಇದು ಸುಮಾರಾಗಿ ಹೊಂದುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಎಲೆಗಳು ಎಷ್ಟೇ ಬೆರೆತರೂ ಎಡಗೈಯ ಎಲೆಗಳು ತಮ್ಮತಮ್ಮಲ್ಲಿ ಮೊದಲಿನ ಕ್ರಮದಲ್ಲೇ ಇರುತ್ತವೆ, ಬಲಗೈಯವೂ ಹಾಗೆಯೇ. ಎರಡು ಸರಗಳು ಹೆಣೆದುಕೊಂಡಿರುತ್ತವೆ, ಅಷ್ಟೇ. ಏಳರ ಗುಟ್ಟೆಲ್ಲ ಇದರಲ್ಲಿದೆ.

ಎಂಟೇ ಎಲೆಗಳಲ್ಲಿ ನೋಡೋಣ. ಮೊದಲು 1 2 3 4 5 6 7 8. ನಡುವೆ ಕತ್ತರಿಸಿ ಒಮ್ಮೆ ಕಲೆಸಿದಾಗ 1 5 2 6 7 3 4 8 ಬಂತು ಎನ್ನಿ. ಎಡದಿಂದ ಬಲಕ್ಕೆ 1 ಹುಡುಕಿ, ಅದರ ಮುಂದೆ ಎಲ್ಲಾದರೂ 2, ಅದರ ಮುಂದೆ 3, ಹೀಗೆ ಸಿಗುವಷ್ಟು ದೂರ ಹೋಗಿ. 1 2 3 4 ಸಿಗುತ್ತದೆ. 5 ಹಿಂದೆ ಇರುವುದರಿಂದ ಅಲ್ಲಿಗೆ ಕಡಿಯುತ್ತದೆ. ಮತ್ತೆ ಮೊದಲಿನಿಂದ ಬಂದರೆ 5 6 7 8. ಇಂಥ ಪ್ರತಿಯೊಂದನ್ನು ಏರುಸರ ಎಂದು ಕರೆಯೋಣ. ಒಂದು ಸಲ ಕಲೆಸಿದ ಮೇಲೆ ಎರಡು ಏರುಸರ ಇವೆ.

ಈಗ ಇದನ್ನೇ ಮೂರು ಮತ್ತು ಐದಾಗಿ ಕತ್ತರಿಸಿ ಮತ್ತೆ ಕಲೆಸಿ: 1 5 2 ಒಂದು ಕೈಯಲ್ಲಿ, 6 7 3 4 8 ಇನ್ನೊಂದರಲ್ಲಿ. ಬಂದದ್ದು 6 1 7 5 3 2 4 8. ಮೇಲಿನ ರೀತಿಯಲ್ಲೇ ಹುಡುಕಿದರೆ 1 2, ಆಮೇಲೆ 3 4, ಆಮೇಲೆ ಒಂಟಿ 5, ಕೊನೆಗೆ 6 7 8. ಒಟ್ಟು ನಾಲ್ಕು. ಪ್ರತಿ ಕತ್ತರಿಕೆ ಒಂದೊಂದು ಸರವನ್ನು ಹೆಚ್ಚೆಂದರೆ ಎರಡಾಗಿ ಒಡೆಯಬಲ್ಲದು. ಆದ್ದರಿಂದ ಎರಡು ಸಲಕ್ಕೆ ನಾಲ್ಕು, ಮೂರು ಸಲಕ್ಕೆ ಎಂಟು, ನಾಲ್ಕು ಸಲಕ್ಕೆ ಹದಿನಾರು, ಇದಕ್ಕಿಂತ ಹೆಚ್ಚು ಏರುಸರ ಬರಲು ಸಾಧ್ಯವೇ ಇಲ್ಲ.

ನಿಜವಾಗಿ ಗೊತ್ತುಗುರಿಯಿಲ್ಲದೆ ಕಲೆತ 52 ಎಲೆಗಳಲ್ಲಿ ಎಷ್ಟು ಏರುಸರ ಇರಬೇಕು? ಸರಾಸರಿ 26.5, ಅದರ ಆಚೀಚೆ ಏರಿಳಿತ ಸುಮಾರು 2.1. ನಾಲ್ಕು ಸಲ ಕಲೆಸಿದ ಪ್ಯಾಕಿನಲ್ಲಿ ಹದಿನಾರಕ್ಕಿಂತ ಹೆಚ್ಚಿರಲಾರದು, ಆದ್ದರಿಂದ ಎಲೆಗಳನ್ನು ಹರಡಿ ಎಣಿಸಿದವನಿಗೆ ಗುಟ್ಟು ರಟ್ಟು. ಐದು ಸಲದ ನಂತರ ಸರಾಸರಿ 19.6ಕ್ಕೆ ಏರುತ್ತದೆ, ಆರಕ್ಕೆ 22.9, ಏಳಕ್ಕೆ 24.7. ಏಳರಲ್ಲಿ ಉಳಿದ ಕೊರತೆ 1.8, ಇದು ಸಹಜ ಏರಿಳಿತವಾದ 2.1ಕ್ಕಿಂತ ಚಿಕ್ಕದು. ಹಾಗಾಗಿ ಬರೀ ಎಣಿಕೆಯಿಂದ ‘ಇದು ಸರಿಯಾಗಿ ಕಲೆತಿಲ್ಲ’ ಎಂದು ಖಚಿತವಾಗಿ ಹೇಳಲು ಆಗ ಬರುವುದಿಲ್ಲ. ಅಲ್ಲಿಂದ ಮುಂದೆ ಪ್ರತಿ ಸಲ ಕಲೆಸಿದಾಗಲೂ ಕೊರತೆ ಅರ್ಧವಾಗುತ್ತ ಹೋಗುತ್ತದೆ: ಎಂಟಕ್ಕೆ 0.9, ಒಂಬತ್ತಕ್ಕೆ 0.45.

ಏರುಸರ ಎಣಿಸುವುದೊಂದೇ ಪರೀಕ್ಷೆಯೇ, ಬೇರೆ ಯಾವುದೋ ಜಾಣ ಉಪಾಯದಿಂದ ಗುರುತು ಹಿಡಿಯಬಹುದಲ್ಲ ಎಂದು ನೀವು ಕೇಳಬಹುದು. ಬೇಯರ್ ಮತ್ತು ಡಯಾಕೊನಿಸ್ ಸಾಧಿಸಿದ್ದರ ಸೊಗಸು ಇಲ್ಲೇ ಇದೆ. ಈ ಮಾದರಿಯಲ್ಲಿ k ಸಲ ಕಲೆಸಿದ ಮೇಲೆ ಒಂದು ನಿರ್ದಿಷ್ಟ ಜೋಡಣೆ ಬರುವ ಸಂಭವ, ಆ ಜೋಡಣೆಯಲ್ಲಿ ಎಷ್ಟು ಏರುಸರ (r) ಇವೆ ಎಂಬುದನ್ನು ಮಾತ್ರ ಅವಲಂಬಿಸುತ್ತದೆ, ಬೇರೇನನ್ನೂ ಅಲ್ಲ:

```
C(2^k + n - r, n) / 2^(k*n)
```

ಇಲ್ಲಿ n ಎಂದರೆ ಎಲೆಗಳ ಸಂಖ್ಯೆ, C(a, b) ಎಂದರೆ a ವಸ್ತುಗಳಲ್ಲಿ b ಆರಿಸುವ ವಿಧಗಳು. ಹೀಗಾಗಿ ಏರುಸರದ ಎಣಿಕೆಗಿಂತ ಬಲವಾದ ಪರೀಕ್ಷೆ ಇರಲು ಸಾಧ್ಯವಿಲ್ಲ. ನಮ್ಮ ಎಂಟೆಲೆಯ ಉದಾಹರಣೆಯಲ್ಲಿ k = 2, r = 4 ಇಟ್ಟರೆ C(8, 8), ಅಂದರೆ 1, ಅದನ್ನು 65,536ರಿಂದ ಭಾಗಿಸಬೇಕು. r = 5 ಇಟ್ಟರೆ ಸೊನ್ನೆ ಬರುತ್ತದೆ, ಎರಡು ಸಲಕ್ಕೆ ಐದು ಸರ ಸಾಧ್ಯವಿಲ್ಲ ಎಂಬುದಕ್ಕೆ ತಾಳೆಯಾಗಿ.

‘ಹತ್ತಿರ’ ಎಂಬುದನ್ನು ಅಳೆಯಲು ಒಂದು ಪಂದ್ಯ ಊಹಿಸಿಕೊಳ್ಳಿ. ಕ್ರಮವಾಗಿ ಜೋಡಿಸಿದ ಪ್ಯಾಕನ್ನು ನಾಣ್ಯ ಚಿಮ್ಮಿ, ತಲೆ ಬಿದ್ದರೆ k ಸಲ ಕಲೆಸುತ್ತೇನೆ, ಬೀಳದಿದ್ದರೆ ಕಂಪ್ಯೂಟರಿನಿಂದ ಪೂರ್ಣ ಯಾದೃಚ್ಛಿಕವಾಗಿ ಜೋಡಿಸುತ್ತೇನೆ. ಪ್ಯಾಕನ್ನು ನೋಡಿ ಯಾವುದೆಂದು ನೀವು ಹೇಳಬೇಕು. ಕಣ್ಣು ಮುಚ್ಚಿ ಹೇಳಿದರೂ ನೂರಕ್ಕೆ 50 ಸಲ ಗೆಲ್ಲುತ್ತೀರಿ. ನಾಲ್ಕು ಸಲ ಕಲೆಸಿದ್ದರೆ ಜಾಣ ಆಟಗಾರ ಹೆಚ್ಚುಕಡಿಮೆ ನೂರಕ್ಕೆ ನೂರು ಗೆಲ್ಲುತ್ತಾನೆ. ಐದಕ್ಕೆ 96, ಆರಕ್ಕೆ 81, ಏಳಕ್ಕೆ 67, ಎಂಟಕ್ಕೆ 58, ಒಂಬತ್ತಕ್ಕೆ 54, ಹತ್ತಕ್ಕೆ 52. ಗಣಿತದವರು ಇದನ್ನೇ 0ರಿಂದ 1ರವರೆಗಿನ ಅಂತರವಾಗಿ ಬರೆಯುತ್ತಾರೆ: ಐದಕ್ಕೆ 0.924, ಆರಕ್ಕೆ 0.614, ಏಳಕ್ಕೆ 0.334, ಎಂಟಕ್ಕೆ 0.167. ನಾಲ್ಕರವರೆಗೆ ಏನೂ ಆಗಿಲ್ಲವೇನೋ ಎನಿಸುತ್ತದೆ, ಐದರಿಂದ ಏಳರೊಳಗೆ ಅಂತರ ದಿಢೀರ್ ಕುಸಿಯುತ್ತದೆ, ಆಮೇಲೆ ಪ್ರತಿ ಸಲ ಅರ್ಧಕ್ಕೆ ಇಳಿಯುತ್ತದೆ. ಏಳನ್ನು ಆರಿಸಿದ್ದು ಅಂತರ ಅರ್ಧಕ್ಕಿಂತ ಕೆಳಗೆ ಬರುವ ಮೊದಲ ಸಂಖ್ಯೆ ಅದಾದ್ದರಿಂದ. ಎಂಟು ಎಂದು ಹಟ ಹಿಡಿದರೂ ನಿಮ್ಮದು ತಪ್ಪಲ್ಲ.

ನಂಬಿಕೆ ಬಾರದಿದ್ದರೆ ಈ ಪೈಥಾನ್ ತುಣುಕನ್ನು ಓಡಿಸಿ. E ಎಂಬ ಪಟ್ಟಿಯಲ್ಲಿ ಎಷ್ಟು ಜೋಡಣೆಗಳಿಗೆ ಎಷ್ಟೆಷ್ಟು ಏರುಸರ ಇವೆ ಎಂಬ ಎಣಿಕೆ ಕೂಡುತ್ತದೆ, ಕೊನೆಯ ಸಾಲುಗಳು ಅಂತರವನ್ನು ತೋರಿಸುತ್ತವೆ.

```python
from math import comb, factorial
n = 52
E = [1]
for m in range(2, n + 1):
    E = [(j+1) * (E[j] if j < m-1 else 0)
         + (m-j) * (E[j-1] if j > 0 else 0)
         for j in range(m)]
f = factorial(n)
for k in range(1, 13):
    a = 2**k
    d = sum(E[j] * abs(comb(a+n-1-j, n)*f - a**n)
            for j in range(n))
    print(k, round(d / (2 * a**n * f), 3))
```

ಏಳರ ನಂತರವೂ ಗುರುತು ಉಳಿಯುತ್ತದೆ ಎಂದೆನಲ್ಲ, ಅದೂ ಈ ಸೂತ್ರದಲ್ಲೇ ಕಾಣುತ್ತದೆ. ಏಳು ಸಲ ಕಲೆಸಿದ ಮೇಲೆ ಪ್ಯಾಕು ಮೊದಲಿದ್ದ ಕ್ರಮಕ್ಕೇ ಮರಳುವ ಸಂಭವ, ಇರಬೇಕಾದ್ದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು. ಪೂರ್ತಿ ತಿರುಗುಮುರುಗಾದ ಕ್ರಮ ಬರುವ ಸಂಭವ ಇರಬೇಕಾದ್ದರ ಸುಮಾರು 1.8 ಲಕ್ಷದಲ್ಲೊಂದು ಪಾಲು. ಎರಡೂ ಎಷ್ಟು ಅಪರೂಪವೆಂದರೆ ಆಟದಲ್ಲಿ ಯಾರೂ ಕಾಣಲಾರರು, ಏಕೆಂದರೆ 52 ಎಲೆಗಳನ್ನು ಜೋಡಿಸುವ ವಿಧಗಳ ಸಂಖ್ಯೆ 8ರ ಮುಂದೆ 67 ಸೊನ್ನೆ ಇಟ್ಟಷ್ಟು. ಆದರೆ ಏರುಸರವನ್ನೇ ಗುರಿಯಾಗಿಟ್ಟು ಕಟ್ಟಿದ ಆಟದಲ್ಲಿ ಈ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಪೀಟರ್ ಡಾಯ್ಲ್ ಎಂಬ ಗಣಿತಜ್ಞರು ರೂಪಿಸಿದ ಒಬ್ಬರೇ ಆಡುವ ಆಟವೊಂದಿದೆ. ಪ್ಯಾಕು ನಿಜವಾಗಿ ಕಲೆತಿದ್ದರೆ ಅದರಲ್ಲಿ ಗೆಲುವು ನೂರಕ್ಕೆ 50. ಹೊಸ ಪ್ಯಾಕನ್ನು ಏಳು ಸಲ ಕಲೆಸಿ ಆಡಿದರೆ ನೂರಕ್ಕೆ ಸುಮಾರು 80.

ಹಾಗೆಂದು ಎಲ್ಲ ಆಟಕ್ಕೂ ಏಳು ಬೇಕೆಂದೇನಿಲ್ಲ. ನಿಮಗೆ ಬೇಕಿರುವುದು ಇಡೀ ಕ್ರಮವೋ, ಅದರ ಒಂದು ಅಂಶವೋ ಎಂಬುದರ ಮೇಲೆ ಅದು ನಿಂತಿದೆ. ಮೇಲಿನ ಎಲೆ ಒಂದನ್ನೇ ತೆಗೆದುಕೊಳ್ಳಿ. ಮೂರು ಸಲ ಕಲೆಸಿದ ಮೇಲೂ ಅದು ಮೇಲೆಯೇ ಉಳಿದಿರುವ ಸಂಭವ ಎಂಟರಲ್ಲಿ ಒಂದು, ಐದು ಸಲದ ನಂತರ ನೂರಕ್ಕೆ 3.9, ಏಳರ ನಂತರ 2.3. ಇರಬೇಕಾದ್ದು 52ರಲ್ಲಿ ಒಂದು, ಅಂದರೆ 1.9. ಈ ತೊಂದರೆಗೆ ಕೊನೆಯಲ್ಲಿ ಒಮ್ಮೆ ಕಟ್ ಮಾಡಿದರೂ ಪರಿಹಾರ ಸಿಗುತ್ತದೆ. ಇಪ್ಪತ್ತೊಂದರ ಆಟದಲ್ಲಿ ಇಸ್ಪೀಟೋ ಆಟಿನ್ನೋ ಎಂಬುದು ಲೆಕ್ಕಕ್ಕಿಲ್ಲ, ಎಲೆಯ ಬೆಲೆ ಮಾತ್ರ ಮುಖ್ಯ. ಅಂಥ ಆಟಕ್ಕೆ ಸುಮಾರು ನಾಲ್ಕು ಸಲ ಸಾಕೆಂದು ಆಮೇಲಿನ ಲೆಕ್ಕಗಳು ತೋರಿಸಿವೆ.

ರಮ್ಮಿಯಲ್ಲಿ ಕಾಡುವುದು ಬೇರೆಯದೇ: ಅಕ್ಕಪಕ್ಕದ ಎಲೆಗಳು ಅಕ್ಕಪಕ್ಕದಲ್ಲೇ ಉಳಿಯುವುದು. ಒಂದು ಆಟ ಮುಗಿದಾಗ ಎಲ್ಲರೂ ಸೀಕ್ವೆನ್ಸು, ಸೆಟ್ಟುಗಳನ್ನು ಹಾಗೆಯೇ ಕೆಳಗಿಡುತ್ತಾರೆ. ಎಂಟು, ಒಂಬತ್ತು, ಹತ್ತು ಆಟಿನ್ ಒಟ್ಟಿಗೆ, ಮೂರು ರಾಣಿಗಳು ಒಟ್ಟಿಗೆ. ಈ ಮಾದರಿಯ ಪ್ರಕಾರ 52 ಎಲೆಗಳಲ್ಲಿ ಅಕ್ಕಪಕ್ಕ ಇದ್ದ 51 ಜೋಡಿಗಳಲ್ಲಿ ಒಂದು ಸಲ ಕಲೆಸಿದ ಮೇಲೆ ಅರ್ಧದಷ್ಟು ಹಾಗೇ ಉಳಿಯುತ್ತವೆ, ಎರಡಕ್ಕೆ ಸುಮಾರು 13, ಮೂರಕ್ಕೆ 6, ನಾಲ್ಕಕ್ಕೆ 3. ಚೆನ್ನಾಗಿ ಕಲೆತ ಪ್ಯಾಕಿನಲ್ಲಿ ಸರಾಸರಿ ಒಂದೇ ಒಂದು. ಇಲ್ಲಿ ಕಟ್ ಮಾಡುವುದರಿಂದ ಏನೂ ಆಗದು. ಕಟ್ ಎಂದರೆ ಚಕ್ರವನ್ನು ತಿರುಗಿಸಿದಂತೆ, ಅದು ಒಡೆಯುವುದು ಒಂದೇ ಜೋಡಿಯನ್ನು.

ಇದೇ ಕಾರಣಕ್ಕೆ ನಮ್ಮಲ್ಲಿ ಹೆಚ್ಚಿನವರು ಕಲೆಸುವ ರೀತಿ, ಅಂದರೆ ಒಂದು ಕೈಯಲ್ಲಿ ಪ್ಯಾಕ್ ಹಿಡಿದು ಇನ್ನೊಂದಕ್ಕೆ ಸಣ್ಣ ಸಣ್ಣ ಗೊಂಚಲಾಗಿ ಬೀಳಿಸುವುದು, ತುಂಬ ದುರ್ಬಲ. ಒಂದು ಸುತ್ತಿನಲ್ಲಿ ಎಂಟು ಗೊಂಚಲು ಬಿದ್ದವೆನ್ನಿ. ಒಡೆದದ್ದು ಏಳು ಜೋಡಿ, ಉಳಿದ 44 ಜೋಡಿಗಳು ಇದ್ದಂತೆಯೇ ಇವೆ. ಗೊಂಚಲುಗಳ ಕ್ರಮ ಮಾತ್ರ ತಿರುವುಮುರುವಾಗಿದೆ. ರಾಬಿನ್ ಪೆಮಾಂಟಲ್ 1989ರಲ್ಲಿ ಇದನ್ನು ಲೆಕ್ಕಕ್ಕೆ ತಂದರು: ಇಂಥ ಸುತ್ತುಗಳು ಕನಿಷ್ಠ ಎಲೆಗಳ ಸಂಖ್ಯೆಯ ವರ್ಗದ ಪ್ರಮಾಣದಲ್ಲಿ ಬೇಕು. 52ರ ವರ್ಗ 2,704. ಅಷ್ಟು ತಾಳ್ಮೆ ಯಾರಿಗಿದೆ?

ಇನ್ನು ನಿಮ್ಮ ಕೈ ಈ ಮಾದರಿಗೆ ಹೊಂದುತ್ತದೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು. ಪ್ಯಾಕಿನಲ್ಲಿ ಕೆಂಪು 26 ಮೇಲೆ, ಕಪ್ಪು 26 ಕೆಳಗೆ ಇಡಿ. ಕೆಂಪು ಮುಗಿದಲ್ಲಿ ಕತ್ತರಿಸಿ ಒಂದೇ ಒಂದು ಸಲ ಕಲೆಸಿ, ಮೇಲ್ಮುಖವಾಗಿ ಸಾಲಾಗಿ ಹರಡಿ. ಒಂದೇ ಬಣ್ಣದ ಎಲೆಗಳು ಎಷ್ಟು ಗುಂಪುಗಳಾಗಿ ಬಂದಿವೆ ಎಂದು ಎಣಿಸಿ. ಮಾದರಿಗೆ ಹೊಂದುವ ಕೈಯಲ್ಲಿ ಸುಮಾರು 27 ಗುಂಪು ಬರುತ್ತವೆ, ಅರ್ಧದಷ್ಟು ಒಂಟಿ ಎಲೆಗಳು, ಕಾಲುಭಾಗ ಜೋಡಿಗಳು, ಉಳಿದವು ಮೂರು ಅಥವಾ ಹೆಚ್ಚಿನವು. ಕೆಲವು ಸಲ ಮಾಡಿ ಸರಾಸರಿ ನೋಡಿ. 12 ಅಥವಾ 15 ಬಂದರೆ ಎಲೆಗಳು ಗಂಟುಗಂಟಾಗಿ ಬೀಳುತ್ತಿವೆ ಎಂದರ್ಥ. ಹಳೆಯ, ಬೆವರು ಹತ್ತಿದ ಎಲೆಗಳು, ಮೂಲೆ ಬಾಗಿದ ಎಲೆಗಳು, ಅಥವಾ ಹೆಬ್ಬೆರಳನ್ನು ಒಮ್ಮೆಲೇ ಬಿಡುವುದು ಇದಕ್ಕೆ ಸಾಮಾನ್ಯ ಕಾರಣ. ಅಂಥ ಕೈಗೆ ಏಳರ ಲೆಕ್ಕ ಸಾಲದು, ಎರಡು ಮೂರು ಸಲ ಹೆಚ್ಚು ಬೇಕು.

40ಕ್ಕಿಂತ ಹೆಚ್ಚು ಗುಂಪು ಬಂದರೆ ಹಿಗ್ಗಬೇಡಿ, ಅದು ಇನ್ನೊಂದು ಬಗೆಯ ದೋಷ. ಎಲೆಗಳು ಒಂದು ಬಿಟ್ಟು ಒಂದರಂತೆ ತೀರ ಅಚ್ಚುಕಟ್ಟಾಗಿ ಬಿದ್ದರೆ ಅಲ್ಲಿ ಆಕಸ್ಮಿಕಕ್ಕೆ ಜಾಗವೇ ಇಲ್ಲ. ಸರಿಯಾಗಿ 26ಕ್ಕೆ ಕತ್ತರಿಸಿ, ಮೇಲಿನ ಎಲೆ ಮೇಲೆಯೇ ಉಳಿಯುವಂತೆ ನಿಖರವಾಗಿ ಹೆಣೆದರೆ ಎಂಟನೆಯ ಸಲಕ್ಕೆ 52 ಎಲೆಗಳೂ ಮೊದಲಿನ ಕ್ರಮಕ್ಕೆ ಮರಳಿ ಬಂದು ಕೂರುತ್ತವೆ. ನುರಿತ ಜಾದೂಗಾರರು ಇದನ್ನು ಕೈಯಲ್ಲೇ ಮಾಡಬಲ್ಲರು. ಹಾಗಾಗಿ ತುಂಬ ನಾಜೂಕಾಗಿ ಕಲೆಸುವವರ ಮೇಲೆ ಕಣ್ಣಿಟ್ಟರೆ ತಪ್ಪಿಲ್ಲ.

ಕಡೆಗೆ ನಿಮ್ಮ ಎರಡು ಪ್ಯಾಕ್ ರಮ್ಮಿ. ಎಲೆಗಳ ಸಂಖ್ಯೆ ದೊಡ್ಡದಾದಂತೆ ಬೇಕಾಗುವ ಸಲಗಳು ಬಹಳ ನಿಧಾನವಾಗಿ ಏರುತ್ತವೆ. ಎಲೆ ಎರಡು ಪಟ್ಟಾದರೆ ಒಂದೂವರೆ ಸಲ ಹೆಚ್ಚು, ಅಷ್ಟೇ. ಹಾಗಾಗಿ 104 ಎಲೆಗಳಿಗೆ ಎಂಟು ಸಲ ಸ್ವಲ್ಪ ಕಡಿಮೆಯಾಗುತ್ತದೆ, ಒಂಬತ್ತು ಸಲ ಒಂದೇ ಪ್ಯಾಕಿನ ಏಳಕ್ಕಿಂತ ತುಸು ಉತ್ತಮ ಫಲ ಕೊಡುತ್ತದೆ. ಮೇಲಿನ ತುಣುಕಿನಲ್ಲಿ n = 104 ಎಂದು ಬದಲಿಸಿ ನೋಡಿ. ಎರಡು ಮೂರು ಜೋಕರ್ ಸೇರಿದರೆ ಲೆಕ್ಕ ಬದಲಾಗದು.

ತೊಡಕಿರುವುದು ಗಣಿತದಲ್ಲಲ್ಲ, ಅಂಗೈಯಲ್ಲಿ. ನೂರಕ್ಕೂ ಹೆಚ್ಚು ಎಲೆಗಳನ್ನು ಒಟ್ಟಿಗೆ ಹಿಡಿದು ಹೀಗೆ ಕಲೆಸಲು ಬರುವುದಿಲ್ಲ, ಬಲವಂತ ಮಾಡಿದರೆ ಗಂಟುಗಂಟಾಗಿ ಬೀಳುತ್ತವೆ. ಎಲ್ಲರೂ ಮಾಡುವ ತಪ್ಪೆಂದರೆ ಎರಡು ಅರ್ಧ ಮಾಡಿ, ಇಬ್ಬರು ಒಂದೊಂದು ಅರ್ಧವನ್ನು ಏಳೇಳು ಸಲ ಕಲೆಸಿ, ಒಂದರ ಮೇಲೊಂದು ಇಟ್ಟುಬಿಡುವುದು. ಆಗ ಮೇಲಿನ ಅರ್ಧದ ಒಂದೆಲೆಯೂ ಕೆಳಗೆ ಹೋಗಿರುವುದಿಲ್ಲ. ಬದಲಿಗೆ ಪ್ರತಿ ಸಲವೂ ಹೀಗೆ ಮಾಡಿ. ರಾಶಿಯನ್ನು ಕಣ್ಣಳತೆಯಲ್ಲಿ ಎರಡು ಭಾಗ ಮಾಡಿ, ಮೇಲಿನದು ಅ, ಕೆಳಗಿನದು ಆ. ಅ ರಾಶಿಯ ಮೇಲಿನ ಅರ್ಧವನ್ನು ಆ ರಾಶಿಯ ಮೇಲಿನ ಅರ್ಧದೊಂದಿಗೆ ಕಲೆಸಿ ಪಕ್ಕಕ್ಕಿಡಿ. ಎರಡರ ಕೆಳಗಿನ ಅರ್ಧಗಳನ್ನೂ ಹಾಗೆಯೇ ಕಲೆಸಿ. ಮೊದಲು ಕಲೆಸಿದ್ದನ್ನು ಎರಡನೆಯದರ ಮೇಲಿಡಿ. ಇಷ್ಟಾದರೆ ಇಡೀ ರಾಶಿಯನ್ನು ಒಂದು ಸಲ ಕಲೆಸಿದ್ದಕ್ಕೆ ಹತ್ತಿರ. ಎರಡು ಕೆಲಸವನ್ನು ಇಬ್ಬರು ಹಂಚಿಕೊಂಡರೆ ಬೇಗ ಮುಗಿಯುತ್ತದೆ. ಹೀಗೆ ಒಂಬತ್ತು ಸುತ್ತು, ಪ್ರತಿ ಸುತ್ತಿನಲ್ಲೂ ಭಾಗ ಮಾಡುವ ಜಾಗ ಸ್ವಲ್ಪ ಬದಲಾಗುತ್ತಿರಲಿ.

ಅಷ್ಟಕ್ಕೂ ಬೇಸರವಾದರೆ, ಎಲೆಗಳನ್ನು ಕವುಚಿ ಚಾಪೆಯ ಮೇಲೆ ಹರಡಿ, ಎರಡೂ ಅಂಗೈಗಳಿಂದ ಒಂದು ನಿಮಿಷ ಚೆನ್ನಾಗಿ ಆಡಿಸಿ ಕೂಡಿಸಿಕೊಳ್ಳಿ. ಕ್ಯಾಸಿನೊಗಳಲ್ಲಿ ಹೊಸ ಪ್ಯಾಕ್ ಒಡೆದಾಗ ಮೊದಲು ಮಾಡುವುದೂ ಇದನ್ನೇ. ಅಂಚಿನ ಎಲೆಗಳು ಅಂಚಿನಲ್ಲೇ ಸುತ್ತದಂತೆ ಆಗಾಗ ನಡುವಿಗೆ ಎಳೆಯುತ್ತಿರಬೇಕು. ಅದಾದ ಮೇಲೆ ಮೇಲೆ ಹೇಳಿದ ರೀತಿಯಲ್ಲಿ ಮೂರು ನಾಲ್ಕು ಸುತ್ತು ಕಲೆಸಿ, ಒಮ್ಮೆ ಕಟ್ ಮಾಡಿಸಿ ಎಲೆ ಹಂಚಬಹುದು.